ಸಹಾಯ ಬೇಕು: ಮೊದಲು 12 ವಾರ, ಪೇಪರ್‌ನಲ್ಲಿ 6 ವಾರ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದೇನೆ. ಜರ್ನಲ್ ಕ್ಲಬ್‌ಗೆ ಮಂಡಿನೋವಿನ ಒಂದು ಟ್ರಯಲ್ ತೆಗೆದುಕೊಂಡಿದ್ದೇನೆ. ಪೇಪರ್‌ನಲ್ಲಿ ಮುಖ್ಯ ಫಲಿತಾಂಶ 6ನೇ ವಾರದ ನೋವಿನ ಸ್ಕೋರ್. ಟ್ರಯಲ್‌ಗಳನ್ನು ನೋಂದಾಯಿಸುವ ClinicalTrials.gov ನಲ್ಲೂ ಈಗ ಅದೇ ಇದೆ. ಆದರೆ Record History ತೆರೆದು, ಮೊದಲ ರೋಗಿ ಸೇರುವ ಮುಂಚಿನ ಆವೃತ್ತಿ ನೋಡಿದರೆ 12ನೇ ವಾರ ಅಂತಿದೆ! ಕೊನೆಯ ರೋಗಿಯ ತಪಾಸಣೆ ಮುಗಿದು ಎರಡು ತಿಂಗಳಾದ ಮೇಲೆ ಅದನ್ನು 6ನೇ ವಾರ ಅಂತ ಬದಲಾಯಿಸಿದ್ದಾರೆ. ಪೇಪರ್‌ನಲ್ಲಿ 12ನೇ ವಾರದ ಅಂಕಿ ಟೇಬಲ್‌ನ ಕೊನೆ ಸಾಲಲ್ಲಿದೆ. ಅಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಬದಲಾವಣೆ ಬಗ್ಗೆ ಒಂದು ಮಾತೂ ಇಲ್ಲ.

ಡೇಟಾ ನೋಡದೆಯೇ ಬದಲಿಸಿರಬಹುದು, ಸುಮ್ನೆ ಆರೋಪ ಮಾಡಲು ಮನಸ್ಸಿಲ್ಲ. ಇನ್ನೊಂದು, ಅರ್ಧಕ್ಕೆ ಬಿಟ್ಟವರನ್ನು ಲೆಕ್ಕದಿಂದ ಕೈಬಿಟ್ಟಿದ್ದಾರೆ. ಅದು ಮೊದಲೇ ಇದ್ದ ಯೋಜನೆಯೇ? ನೋಂದಣಿಯಲ್ಲಿ ಆ ವಿವರವಿಲ್ಲ, ಪ್ರೋಟೋಕಾಲ್ ಬೇಕು. ಲೇಖಕರಿಗೆ ಹೀಗೆ ಪತ್ರ ಬರೆದು ಅನುಭವ ಇರುವವರು ಹೇಗೆ ಕೇಳಬೇಕು ಅಂತ ತಿಳಿಸ್ತೀರಾ?