ಹದಿನೆಂಟು ನಿಮಿಷದ ಕ್ಲೇಮ್ ಕರೆಯನ್ನು ಅರ್ಧ ಪುಟಕ್ಕೆ ಇಳಿಸೋದು ಹೇಗೆ?

ಪ್ರಶ್ನೆ (ಶಿರಸಿ, ವಿಮಾ ಏಜೆಂಟರ ಕಚೇರಿಯಿಂದ): ಕುಮಟಾದ ಗ್ರಾಹಕರೊಬ್ಬರ ಕಾರು ಮಳೆನೀರಲ್ಲಿ ನಿಂತಿತ್ತು. ಅವರ ಕ್ಲೇಮ್ ಕರೆಯ ರೆಕಾರ್ಡಿಂಗ್ 18 ನಿಮಿಷ ಇದೆ. ಏನಾಯ್ತು, ಯಾವ ಕಾಗದ ಬೇಕು, ಮುಂದೇನು ಅಂತ ಅರ್ಧ ಪುಟ ಬರೆಯಬೇಕು. ಅವರು ಹಿಂದೆಮುಂದೆ ಮಾತಾಡಿದ್ದಾರೆ. ಹೇಗೆ ಮಾಡಲಿ?

ಹೊನ್ನಾವರದ ಏಜೆಂಟ್: ಅವರು ಹೇಳಿದ ಕ್ರಮದಲ್ಲೇ ಬರೆಯಿರಿ, ನಮ್ಮ ಕೈ ಹಾಕೋದು ಬೇಡ. ಎಫ್‌ಐಆರ್ ಬೇಕು ಅಂತಲೂ ಸೇರಿಸಿ.

ನಿವೃತ್ತ ವಿಮಾ ಸರ್ವೇಯರ್, ಕಾರವಾರ: ಮಾತಿಗೆ ಕೈ ಹಾಕಬಾರದು, ಸರಿ. ಆದರೆ ಕ್ರಮ ಬದಲಿಸಲೇಬೇಕು. ಜನ ಮೊದಲು ನಷ್ಟ ಹೇಳ್ತಾರೆ, ಆಮೇಲೆ ಕಾರಣ. ನೀವು ನಡೆದ ಕ್ರಮದಲ್ಲಿ ಜೋಡಿಸಿ, ಪ್ರತಿ ಸಾಲಿನ ಪಕ್ಕ ರೆಕಾರ್ಡಿಂಗ್‌ನ ನಿಮಿಷ ಹಾಕಿ. ಎಫ್‌ಐಆರ್ ಸಾಮಾನ್ಯವಾಗಿ ಕಳ್ಳತನಕ್ಕೆ, ಇಲ್ಲಾ ಬೇರೆಯವರಿಗೆ ಪೆಟ್ಟಾದರೆ ಕೇಳುತ್ತಾರೆ. ಕರೆಯಲ್ಲಿ ಕೇಳದ ಕಾಗದವನ್ನು ಪಟ್ಟಿಗೆ ಸೇರಿಸಬೇಡಿ. ಗ್ರಾಹಕರು ಸುಮ್ನೆ ಠಾಣೆಗೆ ಓಡಾಡುತ್ತಾರೆ.

ಯಲ್ಲಾಪುರದ ಕೃಷಿಕ: ನನ್ನ ಅಡಿಕೆ ವಿಮೆ ದುಡ್ಡು ಇನ್ನೂ ಬಂದಿಲ್ಲ. ನಾನೂ ಹೀಗೆ ಕರೆ ಮಾಡಿ ರೆಕಾರ್ಡ್ ಇಟ್ಕೊಳ್ಬೇಕಿತ್ತಾ?

ನಿವೃತ್ತ ಸರ್ವೇಯರ್: ಅದು ಹವಾಮಾನ ಆಧಾರಿತ ವಿಮೆ, ಮಾರಾಯ್ರೇ. ಮಳೆಮಾಪಕದ ಲೆಕ್ಕದ ಮೇಲೆ ದುಡ್ಡು ಬರುತ್ತದೆ, ನಿಮ್ಮ ತೋಟ ನೋಡಿ ಅಲ್ಲ. ಬೇರೆ ಪ್ರಶ್ನೆಯಾಗಿ ಹಾಕಿ.

ಕೇಳಿದವರು: ಸರ್, 11ನೇ ನಿಮಿಷದಲ್ಲಿ ಅವರು ‘ನೀರು ಇಳಿದ ಮೇಲೆ ಎರಡು ಸಲ ಸ್ಟಾರ್ಟ್ ಮಾಡಿ ನೋಡಿದೆ’ ಅಂತಾರೆ. ಇದನ್ನು ಬರೆದರೆ ಕ್ಲೇಮ್ ಹೋಗುತ್ತದಾ? ಬಿಟ್ಟುಬಿಡಲಾ?

ನಿವೃತ್ತ ಸರ್ವೇಯರ್: ಬಿಡಬೇಡಿ ತಂಗಿ. ಇಡೀ ಕರೆಯಲ್ಲಿ ಮುಖ್ಯ ಸಾಲೇ ಅದು. ಸಿಲಿಂಡರಿಗೆ ನೀರು ಹೋಗಿದ್ದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಆ ಹಾನಿ ನೀರಿನಿಂದ ಆದದ್ದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅಂತ ಕಂಪನಿ ಎಂಜಿನ್ ಖರ್ಚು ನಿರಾಕರಿಸಬಹುದು. ಪಾಲಿಸಿ ಜೊತೆ ಎಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ರಕ್ಷಣೆ ತಗೊಂಡಿದ್ದರೆ ಮಾತು ಬೇರೆ. ಪಾಲಿಸಿ ತೆಗೆದು ನೋಡಿ. ಆದರೆ ಅವರ ಮಾತನ್ನಷ್ಟೇ ಬರೆಯಿರಿ. ‘ಸ್ಟಾರ್ಟ್ ಮಾಡಿದ್ದರಿಂದ ಎಂಜಿನ್ ಹಾಳಾಯಿತು’ ಅಂತ ಬರೆದರೆ ನನ್ನ ಕೆಲಸ ನೀವು ಮಾಡಿದ ಹಾಗಾಯ್ತು. ರಾಡ್ ಬಾಗಿದೆಯೋ ಇಲ್ಲವೋ ಬಿಚ್ಚಿದ ಮೇಲೇ ಗೊತ್ತಾಗೋದು.

ಹೊನ್ನಾವರದ ಏಜೆಂಟ್: ಆದ್ರೂ ಗ್ರಾಹಕರ ಪರ ನಿಲ್ಲೋದು ನಮ್ಮ ಕೆಲಸ ಅಲ್ವಾ?

ನಿವೃತ್ತ ಸರ್ವೇಯರ್: ಆ ಸಾಲು ಬಿಟ್ಟರೂ ಈ ರೆಕಾರ್ಡಿಂಗ್ ವಿಮಾ ಕಂಪನಿ ಹತ್ತಿರವೂ ಇದೆಯಲ್ಲ.
ಮುಂದಿನ ಹೆಜ್ಜೆ ಬರೆಯುವಾಗ ಯಾರು, ಏನು, ಯಾವಾಗ ಅನ್ನೋ ಮೂರೂ ಇರಲಿ. ‘ನಾಳೆ’ ಅಂದಿದ್ದರೆ ಕರೆಯ ದಿನ ನೋಡಿ ತಾರೀಖು ಹಾಕಿ. ಅಲ್ಲಿ ‘ಸರ್ವೇಯರ್ ಬರಬಹುದು’ ಅಂದಿದ್ದರೆ ‘ಬರುತ್ತಾರೆ’ ಮಾಡಬೇಡಿ. ಸರ್ವೇ ಆಗೋವರೆಗೆ ಗ್ಯಾರೇಜಿನವರು ಬಿಚ್ಚಬಾರದು ಅನ್ನೋ ಮಾತು ಬಂದಿದ್ದರೆ ಅದನ್ನು ಮೊದಲು ಇಡಿ.

ಕೇಳಿದವರು: ರೆಕಾರ್ಡಿಂಗ್ ಮತ್ತೆ ಕೇಳಿದೆ. ಕಾಗದದ ಮಾತು 7ನೇ ನಿಮಿಷದಲ್ಲಿ: ಆರ್‌ಸಿ, ಡಿಎಲ್, ಗ್ಯಾರೇಜಿನ ಎಸ್ಟಿಮೇಟ್, ರದ್ದು ಮಾಡಿದ ಚೆಕ್. ಆರ್‌ಸಿ ಒರಿಜಿನಲ್ ‘ತೋರಿಸಿ’ ಅಂದಿದ್ದಾರೆ, ನಾನು ‘ಕೊಡಿ’ ಅಂತ ಬರೆದುಬಿಟ್ಟಿದ್ದೆ. ಆದರೆ ನೀರು ಎಲ್ಲಿವರೆಗೆ ಬಂದಿತ್ತು? ಮಳೆ ಸದ್ದಿನಲ್ಲಿ ‘ಸೀಟು’ ಅಂದ್ರೋ ‘ಗೇಟು’ ಅಂದ್ರೋ ತಿಳಿಯುತ್ತಿಲ್ಲ.

ನಿವೃತ್ತ ಸರ್ವೇಯರ್: ‘ಸ್ಪಷ್ಟವಿಲ್ಲ, 4ನೇ ನಿಮಿಷ’ ಅಂತ ಬರೆದು, ಅವರಿಗೇ ಒಂದು ಫೋನ್ ಹಾಕಿ.