ಪದಚರ್ಚೆ: ‘ಮಾನ್ಸೂನ್’ ಅಂದರೆ ಮುಂಗಾರೇ? ಹಡಗು ‘ಹಿಂಗಾರಿನಲ್ಲಿ’ ಮರಳಿತು ಎನ್ನಬಹುದೇ?

ಅನುವಾದಕಿ, ಮೈಸೂರು

ಬಳಗದ ಎಲ್ಲರಿಗೂ ನಮಸ್ಕಾರ.

ಈಜಿಪ್ಟಿನಲ್ಲಿ ಕೆಂಪು ಸಮುದ್ರದ ದಂಡೆಯಲ್ಲಿದ್ದ ಬೆರೆನಿಕೆ ಎಂಬ ಹಳೆಯ ಬಂದರಿನ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ ದೇವಾಲಯದ ನೆಲದಲ್ಲಿ ಭಾರತದಿಂದ ಹೋದ ದೊಡ್ಡ ಮಡಕೆಯೊಂದು ಸಿಕ್ಕಿದೆ, ಅದರೊಳಗೆ ಏಳೂವರೆ ಕಿಲೋ ಕರಿಮೆಣಸು. ಹೀಗೆ ಮೆಣಸು ಹೊತ್ತ ಹಡಗುಗಳು ಹೆಚ್ಚಾಗಿ ಕೇರಳದ ಮುಜಿರಿಸ್‌ನಿಂದ ಹೊರಡುತ್ತಿದ್ದವು.

ತೊಡಕಾಗಿರುವುದು ಎರಡು ವಾಕ್ಯಗಳಲ್ಲಿ. ‘ಹಿಪ್ಪಾಲಸ್ ಎಂಬ ಗ್ರೀಕ್ ನಾವಿಕ ಮುಂಗಾರನ್ನು ಕಂಡುಹಿಡಿದ’ ಎಂದು ಬರೆದೆ. ಕರಡು ಓದಿದ ನನ್ನ ಅಕ್ಕನ ಮಗಳು, ‘ಮುಂಗಾರನ್ನು ಕಂಡುಹಿಡಿಯೋದು ಅಂದ್ರೇನು ಚಿಕ್ಕಮ್ಮ, ಅದು ಪ್ರತಿ ವರ್ಷ ತಾನೇ ಬರುತ್ತಲ್ಲ’ ಅಂದಳು. ಎರಡನೆಯದು, ‘ಹಡಗುಗಳು ಹಿಂಗಾರಿನಲ್ಲಿ ಮರಳುತ್ತಿದ್ದವು’. ಇದನ್ನು ಓದಿ ಅವಳು ಮಳೆಯಲ್ಲಿ ನೆನೆಯುತ್ತಾ ಹೋಗುವ ಹಡಗನ್ನೇ ಕಲ್ಪಿಸಿಕೊಂಡಳು. ಮೂಲದಲ್ಲಿ ಎರಡೂ ಕಡೆ ‘ಮಾನ್ಸೂನ್’ ಇದೆ. ನಮ್ಮ ಮಾತಿನಲ್ಲಿ ಹೇಗೆ ಹೇಳಬೇಕು?

ನಿವೃತ್ತ ಭೂಗೋಳ ಮೇಷ್ಟ್ರು, ಹಾಸನ

ತಾಯೀ, ಇದಕ್ಕೆ ಪಠ್ಯಪುಸ್ತಕದಲ್ಲೇ ಪದವಿದೆ. ಗಾಳಿಯನ್ನು ನಂಬಿ ವ್ಯಾಪಾರ ನಡೆಯುತ್ತಿದ್ದುದರಿಂದ ಅವು ‘ವಾಣಿಜ್ಯ ಮಾರುತ’ಗಳು. ಮೂವತ್ತು ವರ್ಷ ಹಾಗೆಂದೇ ಪಾಠ ಮಾಡಿದ್ದೇನೆ. ಹೋಗುವಾಗ ನೈಋತ್ಯ ವಾಣಿಜ್ಯ ಮಾರುತ, ಬರುವಾಗ ಈಶಾನ್ಯ ವಾಣಿಜ್ಯ ಮಾರುತ ಎಂದು ಬರೆಯಿರಿ, ಗೊಂದಲವಿಲ್ಲ.

ರೈತ, ಗದಗ

ನಮಸ್ಕಾರ್ರೀ. ನಮ್ಮ ಕಡೆ ಮುಂಗಾರಿ, ಹಿಂಗಾರಿ ಅಂತೀವ್ರಿ, ‘ರು’ ಅಲ್ಲ. ಹಿಂಗಾರಿ ಅಂದ್ರ ಬಿಳಿಜೋಳ, ಕಡ್ಲಿ, ಕುಸುಬಿ. ಉತ್ತರಿ ಮಳಿ ಆದಮ್ಯಾಲೆ ಎರಿ ಹೊಲ ಹದಾ ಬರತೈತಿ, ಆವಾಗ ಬಿತ್ತಬೇಕು. ಹದಾ ತಪ್ಪಿದ್ರ ಮುಂದ ಎಷ್ಟ್ ಮಳಿ ಆದ್ರೂ ಆ ಬೆಳಿ ಇಲ್ಲ. ಹೋದ ವರ್ಷ ಕೂಲಿ ಆಳು ಸಿಗದ ನಾನು ಹತ್ತು ದಿನ ತಡಾ ಮಾಡಿದೆ, ಕಡ್ಲಿ ಕೈಗೆ ಹತ್ತಲಿಲ್ಲ. ನೀವು ಬರಿಯೂದು ಯಾವ ಬೆಳಿ ಬಗ್ಗೆ ಅಂತ ತಿಳೀಲಿಲ್ಲ. ಮೆಣಸಿಗೆ ನಮ್ಮಲ್ಲಿ ಹಿಂಗಾರಿ ಇಲ್ರೀ.

ಇತಿಹಾಸ ಓದುಗ, ಧಾರವಾಡ

ಗದಗಿನವರು ಬೇರೆ ಪ್ರಶ್ನೆಗೆ ಉತ್ತರಿಸಿದ್ದಾರೆ ಅನ್ನಿಸಬಹುದು, ಆದರೆ ಈ ಚರ್ಚೆಗೆ ಬೇಕಾದ್ದು ಅವರ ಮಾತಿನಲ್ಲೇ ಇದೆ.

‘ಮಾನ್ಸೂನ್’ ಪದದ ಮೂಲ ಅರಬ್ಬಿಯ ‘ಮೌಸಿಮ್’. ಅದು ಪೋರ್ಚುಗೀಸರ ಬಾಯಲ್ಲಿ ‘ಮೊನ್ಸಾಂವ್’ ಆಗಿ ಯೂರೋಪಿನ ಉಳಿದ ಭಾಷೆಗಳಿಗೆ ಹೋಯಿತು. ಮೌಸಿಮ್ ಎಂದರೆ ಮಳೆಯಲ್ಲ, ಗಾಳಿಯೂ ಅಲ್ಲ. ಗುರುತು ಹಾಕಿಟ್ಟ ಕಾಲ. ಹಿಂದಿಯ ‘ಮೌಸಮ್’ ಇದೇ. ಅರಬ್ ನಾವಿಕರು ಇಂಥ ಬಂದರಿನಿಂದ ಇಂಥ ಬಂದರಿಗೆ ಹೊರಡಲು ತಕ್ಕ ದಿನಗಳನ್ನು ಮೌಸಿಮ್ ಎನ್ನುತ್ತಿದ್ದರು. ಗಾಳಿಗಳಿಗೆ ಅವರಲ್ಲಿ ಬೇರೆಯೇ ಹೆಸರುಗಳಿದ್ದವು: ನೈಋತ್ಯದ್ದು ಕೌಸ್, ಈಶಾನ್ಯದ್ದು ಅಜ್ಯಬ್. ಹಾಗಾಗಿ ಮೌಸಿಮ್ ಅಂದರೆ ಗದಗಿನವರು ಹೇಳಿದ ಹದವೇ. ಅವರದು ಬಿತ್ತುವ ಹದ, ಇದು ಹಡಗು ಬಿಡುವ ಹದ. ತಪ್ಪಿದರೆ ಎರಡರಲ್ಲೂ ವರ್ಷವೇ ಹೋಗುತ್ತದೆ.

ಮೇಷ್ಟ್ರೇ, ವಾಣಿಜ್ಯ ಮಾರುತ ಇಲ್ಲಿ ಹೊಂದುವುದಿಲ್ಲ. ಅವು ವರ್ಷವಿಡೀ ಒಂದೇ ದಿಕ್ಕಿಗೆ ಬೀಸುವ ಗಾಳಿಗಳು. ಆ ಇಂಗ್ಲಿಷ್ ಹೆಸರಿನಲ್ಲಿರುವ ‘ಟ್ರೇಡ್’ ಮೊದಲು ವ್ಯಾಪಾರವನ್ನು ಹೇಳುತ್ತಿರಲಿಲ್ಲ, ಒಂದೇ ಜಾಡು ಹಿಡಿದು ಬೀಸುವುದನ್ನು ಹೇಳುತ್ತಿತ್ತು. ನಾವು ಆಮೇಲಿನ ಅರ್ಥವನ್ನು ಹಿಡಿದು ‘ವಾಣಿಜ್ಯ’ ಮಾಡಿಕೊಂಡೆವು. ಅರಬ್ಬೀ ಸಮುದ್ರದ ಗಾಳಿ ಇದಕ್ಕೆ ಪೂರ್ತಿ ವಿರುದ್ಧ, ಆರು ತಿಂಗಳಿಗೊಮ್ಮೆ ದಿಕ್ಕು ತಿರುಗಿಸುತ್ತದೆ. ತಿರುಗುವುದರಿಂದಲೇ ಹೋದ ಹಡಗು ಮರಳಿ ಬರುತ್ತಿತ್ತು. ಇನ್ನೊಂದು ಮಾತು: ಈಜಿಪ್ಟಿನವರು ಇಲ್ಲಿಗೆ ಬಂದದ್ದು ನೈಋತ್ಯದ ಗಾಳಿಯಲ್ಲಿ, ಮೆಣಸು ಹೊತ್ತು ಮರಳಿದ್ದು ಈಶಾನ್ಯದ ಗಾಳಿಯಲ್ಲಿ.

ಈಗ ಲೆಕ್ಕ ನೋಡೋಣ. ರೋಮಿನ ಪ್ಲಿನಿ 1ನೇ ಶತಮಾನದಲ್ಲಿ ಈ ಪಯಣದ ದಿನಗಳನ್ನು ಬರೆದಿಟ್ಟಿದ್ದಾನೆ. ಲುಬ್ಧಕ ನಕ್ಷತ್ರ ಮೂಡುವ ಹೊತ್ತಿಗೆ, ಅಂದರೆ ಜುಲೈ ನಡುವಿಗೆ, ಹಡಗು ಈಜಿಪ್ಟ್ ಬಿಡುತ್ತದೆ. ಬೇಸಿಗೆಯಲ್ಲಿ ಕೆಂಪು ಸಮುದ್ರದ ಗಾಳಿ ಬಡಗಿನಿಂದ ಬೀಸುತ್ತದೆ, ಅದನ್ನು ಹಿಡಿದು ಸುಮಾರು 30 ದಿನಕ್ಕೆ ಆ ಸಮುದ್ರದ ಬಾಯಿಯ ಬಳಿಯ ಓಕೆಲಿಸ್ ಬಂದರನ್ನು ಸೇರುತ್ತದೆ. ಆಗ ಆಗಸ್ಟ್ ನಡು ದಾಟಿರುತ್ತದೆ. ಅಲ್ಲಿಂದ ನೈಋತ್ಯದ ಗಾಳಿ ಹಿಡಿದು ನಡುಗಡಲಲ್ಲಿ ನೇರವಾಗಿ ಮುಜಿರಿಸ್‌ಗೆ 40 ದಿನ. ಅಂದರೆ ಬಂದು ಮುಟ್ಟುವುದು ಸೆಪ್ಟೆಂಬರ್ ಕೊನೆ. ಇಂದಿನ ಪಂಚಾಂಗದಲ್ಲಿ ಉತ್ತರೆ ಮುಗಿದು ಹಸ್ತ ಹಿಡಿಯುವ ಹೊತ್ತು.

ಈ 40 ದಿನ ನನಗೆ ಹೆಚ್ಚೆನಿಸುತ್ತದೆ. ಆ ದೂರ ಸುಮಾರು 3,600 ಕಿಲೋಮೀಟರ್. 40 ದಿನವೆಂದರೆ ಗಂಟೆಗೆ ನಾಲ್ಕು ಕಿಲೋಮೀಟರೂ ಆಗಲಿಲ್ಲ, ಮನುಷ್ಯ ನಡೆಯುವಷ್ಟು. ಬೆನ್ನಿಗೆ ಅಂಥ ಗಾಳಿ ಇದ್ದ ಹಡಗು ಅದರ ಎರಡರಷ್ಟಾದರೂ ಓಡಬೇಕು. 20 ದಿನವೆಂದು ಹಿಡಿಯುವ ವಿದ್ವಾಂಸರಿದ್ದಾರೆ. ಆಗ ಮುಟ್ಟುವುದು ಸೆಪ್ಟೆಂಬರ್ ಮೊದಲ ಭಾಗದಲ್ಲಿ, ಹುಬ್ಬೆ ಮಳೆಯಲ್ಲಿ. ಎರಡು ಲೆಕ್ಕದಲ್ಲೂ ಒಂದು ಮಾತು ಸ್ಥಿರ: ಯಾರೂ ಜೂನ್–ಜುಲೈಯ ಜಡಿಮಳೆಯಲ್ಲಿ ಮಲಬಾರಿನ ಕರೆಗೆ ಬರುತ್ತಿರಲಿಲ್ಲ. ಮುಂಗಾರಿನ ಬಾಲ ಹಿಡಿದು ಬರುತ್ತಿದ್ದರು.

ಹಳೆ ಬಂದರಿನವ, ಮಂಗಳೂರು

ಧಾರವಾಡದವರು ಹೇಳಿದ್ದು ಸರಿ, ಯಾಕೆಂದು ಕಡಲ ಕರೆಯವರಿಗೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಅಪಾಯ ಇರುವುದು ನಡುಗಡಲಿಗಿಂತ ಅಳಿವೆಯಲ್ಲಿ. ಹೊಳೆಯ ಕೆಂಪು ನೀರು ಹೊರಗೆ ನುಗ್ಗುತ್ತದೆ, ಕಡಲು ಒಳಗೆ ನುಗ್ಗುತ್ತದೆ, ಎರಡೂ ಮರಳದಿಬ್ಬದ ಮೇಲೆ ಡಿಕ್ಕಿ ಹೊಡೆದು ಅಲೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಯಂತ್ರವಿರುವ ದೋಣಿಗಳೇ ಅಲ್ಲಿ ಮಗುಚುವುದನ್ನು ದಂಡೆಯಲ್ಲಿ ನಿಂತು ನೋಡಿದ್ದೇನೆ. ಹಾಯಿ ಮಾತ್ರ ಇದ್ದವರ ಪಾಡೇನು? ನಮ್ಮ ದಕ್ಕೆಯಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಇವತ್ತಿಗೂ ಮಳೆಗಾಲದಲ್ಲಿ ಕಟ್ಟಿ ನಿಲ್ಲುತ್ತವೆ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ಪೂಜೆ ಮಾಡಿದ ಮೇಲೆ ಮೊಗವೀರರು ದೋಣಿ ಇಳಿಸುವುದು. ಆ ಹುಣ್ಣಿಮೆ ಬರುವುದು ಆಗಸ್ಟಿನ ಸುಮಾರಿಗೆ. ಗ್ರೀಕರ ಹಡಗು ಅತ್ತ ಓಕೆಲಿಸ್ ಬಿಡುತ್ತಿದ್ದುದೂ ಆಗಲೇ ಎಂದು ಇವತ್ತು ತಿಳಿದು ಖುಷಿಯಾಯಿತು.

ಪದದ ಬಗ್ಗೆ: ನಮ್ಮ ಮಾತಿನಲ್ಲಿ ‘ಹಂಗಾಮು’ ಇದೆಯಲ್ಲ. ಮೀನಿನ ಹಂಗಾಮು, ಅಡಿಕೆ ಹಂಗಾಮು. ಮೌಸಿಮ್‌ಗೆ ಇದೇ ಆಗುತ್ತದೆ. ಗಾಳಿಗೆ ‘ಹಂಗಾಮಿನ ಗಾಳಿ’.

ಪ್ಲಿನಿ ನಮ್ಮ ನೇತ್ರಾವತಿಯ ಹೆಸರನ್ನೂ ಹೇಳಿದ್ದಾನೆ ಎಂದು ಕೇಳಿದ್ದೆ, ಹೌದೇ?

ನಿವೃತ್ತ ಭೂಗೋಳ ಮೇಷ್ಟ್ರು, ಹಾಸನ

ವಾಣಿಜ್ಯ ಮಾರುತದ ವಿಷಯ ಒಪ್ಪಿದೆ. ಆದರೆ ‘ಹಂಗಾಮು ಗಾಳಿ’ ಎಂದರೆ ಮಕ್ಕಳು ‘ಹಂಗಾಮಿ ಅಧ್ಯಕ್ಷ’ರ ಹಂಗಾಮಿ ಎಂದುಕೊಳ್ಳುತ್ತಾರೆ, ತಾತ್ಕಾಲಿಕ ಗಾಳಿ ಅಂತ. ‘ಹಂಗಾಮಿನ’ ಎಂದೇ ಬರೆಯಬೇಕು, ‘ನ’ ಬಿಡಬಾರದು. ಇಡೀ ಲೇಖನದಲ್ಲಿ ಅದನ್ನು ಬಿಡದೆ ಪಾಲಿಸುವುದು ಕಷ್ಟ. ನನ್ನ ಮತ ಈಗಲೂ ‘ಮಾನ್ಸೂನ್ ಮಾರುತ’ಕ್ಕೆ.

ಇತಿಹಾಸ ಓದುಗ, ಧಾರವಾಡ

ಮಂಗಳೂರಿನವರಿಗೆ: ಮುಜಿರಿಸ್‌ನಲ್ಲಿ ಇಳಿಯುವುದು ಅಷ್ಟು ಒಳ್ಳೆಯದಲ್ಲ, ಹತ್ತಿರದಲ್ಲೇ ‘ನಿತ್ರಿಯಾಸ್’ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಪ್ಲಿನಿ ಬರೆದಿದ್ದಾನೆ. ಅದನ್ನು ನೇತ್ರಾವತಿಗೆ, ಮಂಗಳೂರಿಗೆ ಜೋಡಿಸಿದವರು ಇದ್ದಾರೆ. ಹೆಸರಿನ ಹೋಲಿಕೆ ಬಿಟ್ಟರೆ ಅದಕ್ಕೆ ಗಟ್ಟಿ ಆಧಾರವಿಲ್ಲ, ನಾನಂತೂ ಒಪ್ಪಿಲ್ಲ.

ಅನುವಾದಕಿಯವರಿಗೆ: ‘ಕಂಡುಹಿಡಿದ’ ಎಂಬುದನ್ನು ಮೊದಲು ತೆಗೆಯಿರಿ. ಪೆರಿಪ್ಲಸ್ ಎಂಬ 1ನೇ ಶತಮಾನದ ಗ್ರೀಕ್ ಕೈಪಿಡಿಯಲ್ಲಿ ಹಿಪ್ಪಾಲಸ್ ನಾವಿಕ. ಬಂದರುಗಳ ನೆಲೆ, ಕಡಲಿನ ಆಕಾರ ನೋಡಿಕೊಂಡು ನೇರ ದಾರಿ ಹಿಡಿದವನು ಎಂದಷ್ಟೇ ಅಲ್ಲಿದೆ. ಪ್ಲಿನಿಯಲ್ಲಿ ಅದೇ ಹಿಪ್ಪಾಲಸ್ ಗಾಳಿಯ ಹೆಸರು. ಅಂಥ ಮನುಷ್ಯ ಇದ್ದನೇ, ಇಲ್ಲ ಗಾಳಿಯ ಹೆಸರೇ ಮನುಷ್ಯನಾಯಿತೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇಷ್ಟಕ್ಕೂ ಕ್ರಿ.ಪೂ. 2ನೇ ಶತಮಾನದ ಕೊನೆಯ ಒಂದು ಕಥೆಯನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಉಳಿಸಿದ್ದಾನೆ. ಕೆಂಪು ಸಮುದ್ರದ ದಂಡೆಯಲ್ಲಿ ಅರೆಜೀವವಾಗಿ ಸಿಕ್ಕ ಒಬ್ಬ ಭಾರತೀಯನನ್ನು ಈಜಿಪ್ಟಿನ ಅರಸನ ಬಳಿಗೆ ತಂದರು. ಗ್ರೀಕ್ ಕಲಿತ ಮೇಲೆ ಅವನೇ ಯೂಡಾಕ್ಸಸ್ ಎಂಬವನ ಹಡಗಿಗೆ ಭಾರತದ ದಾರಿ ತೋರಿಸಿದ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ, ಅದು ನನಗೆ ಓದಿದಾಗಲೆಲ್ಲ ಚುಚ್ಚುತ್ತದೆ. ಗ್ರೀಕರು ಗಾಳಿಯನ್ನು ಕಂಡುಹಿಡಿಯಲಿಲ್ಲ, ಬಲ್ಲವರಿಂದ ಕಲಿತರು.

‘ಹಿಂಗಾರಿನಲ್ಲಿ ಮರಳಿದವು’ ಬೇಡವೇ ಬೇಡ. ಡಿಸೆಂಬರಿನಲ್ಲಿ, ತೀರಾ ತಡವೆಂದರೆ ಜನವರಿ 13ರೊಳಗೆ ಹೊರಡಬೇಕು ಎನ್ನುತ್ತಾನೆ ಪ್ಲಿನಿ. ಆಗ ಪಡುಗಡಲಲ್ಲಿ ಬಾನು ತಿಳಿ, ಗಾಳಿ ಹದ. ಈಶಾನ್ಯದ ಗಾಳಿ ಕೆಂಪು ಸಮುದ್ರದ ಬಾಯಿಯವರೆಗೆ ತಲುಪಿಸುತ್ತದೆ. ಒಳಗೆ ಹೊಕ್ಕ ಮೇಲೆ ಚಳಿಗಾಲದಲ್ಲಿ ತೆಂಕು ಭಾಗದಲ್ಲಿ ತೆಂಕಣ ಗಾಳಿ ಸಿಗುತ್ತದೆ, ಮುಂದೆ ಬಡಗಿಗೆ ಹೋದಂತೆ ಎದುರುಗಾಳಿ. ಬೆರೆನಿಕೆಯನ್ನು ಅಷ್ಟು ತೆಂಕಿನಲ್ಲಿ, ಮರಳುಗಾಡಿನಲ್ಲಿ ಕಟ್ಟಿದ್ದರಿಂದ ಆದ ಅನುಕೂಲ ಇದೇ. ಎದುರುಗಾಳಿಯಲ್ಲಿ ತಿಂಗಳುಗಟ್ಟಲೆ ಹೆಣಗುವ ಬದಲು ಸರಕನ್ನು ಒಂಟೆಯ ಮೇಲೆ ಹೇರಿ 12 ದಿನದಲ್ಲಿ ನೈಲ್ ನದಿಯ ಕಾಪ್ಟಸ್ ಸೇರುತ್ತಿದ್ದರು.

ರೈತ, ಗದಗ

ಈಗ ತಿಳೀತ್ರೀ. ಹಂಗಾರ ‘ಹದಾ’ ಅಂತ ಯಾಕ ಬರಿಯಬಾರದು? ‘ಮರಳೂ ಹದಾ ನೋಡಿ ಹಡಗಾ ಬಿಟ್ರು’ ಅಂದ್ರ ನಮ್ಮ ಮನ್ಯಾಗ ಎಲ್ಲಾರಿಗೂ ತಿಳೀತದ.

ಅನುವಾದಕಿ, ಮೈಸೂರು

ಎಲ್ಲರಿಗೂ ಮನಸಾರೆ ವಂದನೆ. ಮೊದಲ ವಾಕ್ಯ ಈಗ ಹೀಗಿದೆ: ‘ಅರಬ್ಬರೂ ಭಾರತೀಯರೂ ಬಲ್ಲ ಹಂಗಾಮಿನ ಗಾಳಿಯ ಹದವನ್ನು ಗ್ರೀಕ್ ನಾವಿಕರೂ ಕಲಿತರು.’ ಹಿಪ್ಪಾಲಸ್‌ನ ಮಾತನ್ನು ಬೇರೆ ವಾಕ್ಯಕ್ಕೆ ಸರಿಸಿದೆ, ಗಾಳಿಯೋ ಮನುಷ್ಯನೋ ಎಂಬ ಅನುಮಾನದ ಸಮೇತ.

ಎರಡನೆಯದು: ‘ಮಳೆ ಕಳೆದು ಗಾಳಿ ಈಶಾನ್ಯಕ್ಕೆ ತಿರುಗಿದ ಮೇಲೆ ಮೆಣಸು ಹೇರಿಕೊಂಡು ಮರಳಿದರು.’ ಅಕ್ಕನ ಮಗಳು ಇದನ್ನು ಓದಿ, ಗಾಳಿ ಈಶಾನ್ಯಕ್ಕೆ ಹೋಗುತ್ತದೋ ಅಲ್ಲಿಂದ ಬರುತ್ತದೋ ಎಂದು ಕೇಳಿದಳು. ‘ಮೂಡಗಾಳಿ ಹಿಡಿದು ಮರಳಿದರು’ ಎಂದರೆ ಸಾಕೇ?

ಹಳೆ ಬಂದರಿನವ, ಮಂಗಳೂರು

ಅಕ್ಕಾ, ನಮ್ಮಲ್ಲಿ ಮೂಡಗಾಳಿ ಎಂದರೆ ಬೆಳಗಿನ ಜಾವ ಗಟ್ಟದ ಕಡೆಯಿಂದ ತಣ್ಣಗೆ ಬರುವ ಗಾಳಿ. ಹೊತ್ತೇರಿದ ಮೇಲೆ ಅದು ನಿಂತು ಕಡಲಿನಿಂದ ಬೀಸಲು ಶುರು. ಈಜಿಪ್ಟಿನವರೆಗೆ ಅದು ಯಾರನ್ನೂ ಒಯ್ಯುವುದಿಲ್ಲ. ದೂರ ಹೋಗುವ ಆ ಗಾಳಿಗೆ ಬೇರೆ ಹೆಸರಿದ್ದಿರಬೇಕು. ಹಾಯಿಯ ಕಾಲದಲ್ಲಿ ಮಂಜಿ ನಡೆಸಿದ ಹಿರಿಯರೊಬ್ಬರು ದಕ್ಕೆಯ ಹತ್ತಿರವೇ ಇದ್ದಾರೆ. ಭಾನುವಾರ ಹೋಗಿ ಕೇಳಿ ಬರೆಯುತ್ತೇನೆ, ಅಲ್ಲಿಯವರೆಗೆ ಆ ವಾಕ್ಯವನ್ನು ಅಚ್ಚಿಗೆ ಕೊಡಬೇಡಿ.