ಪದಚರ್ಚೆ: ರಾಜೀನಾಮೆಯ ಕಿರುಪತ್ರದಲ್ಲಿ ‘ಬಿಡುತ್ತೇನೆ’, ‘ಬಿಡುತ್ತಿದ್ದೇನೆ’, ‘ಹಸ್ತಾಂತರಿಸು’, ‘ಒಪ್ಪಿಸು’

ಪ್ರಶ್ನೆ

ಮಾನ್ಯರೇ,

ಮಾಲೀಕರೂ ಸೇರಿ ಐದೇ ಜನರಿರುವ ಒಂದು ಮುದ್ರಣಾಲಯದಲ್ಲಿ ಲೆಕ್ಕಪತ್ರ, ಗಿರಾಕಿಗಳ ಆರ್ಡರು, ಕಾಗದ ಪೂರೈಸುವವರ ಜೊತೆಗಿನ ವ್ಯವಹಾರ ಎಲ್ಲವನ್ನೂ ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಬೇರೆ ಕಡೆ ಕೆಲಸ ಸಿಕ್ಕಿರುವುದರಿಂದ ಇದನ್ನು ಬಿಡುವುದು ನಿಶ್ಚಯವಾಗಿದೆ. ಮಾಲೀಕರು ನನ್ನನ್ನೇ ನೆಚ್ಚಿಕೊಂಡಿದ್ದಾರೆ. ಅವರಿಗೆ ಎದುರಿಗೇ ಹೇಳಿ, ಅದೇ ದಿನ ಒಂದು ಚಿಕ್ಕ ಪತ್ರವನ್ನೂ ಕೊಡಬೇಕೆಂದಿದ್ದೇನೆ. ನಾನು ಬರೆದುಕೊಂಡಿರುವುದು ಹೀಗಿದೆ:

“ಮಾನ್ಯರೇ, ನಾನು ಕೆಲಸಕ್ಕೆ ರಾಜೀನಾಮೆ ಸಲ್ಲಿಸಲು ಇಚ್ಛಿಸುತ್ತೇನೆ. ತಾವು ದಯವಿಟ್ಟು ಜೂನ್ 30ರೊಳಗೆ ನನ್ನನ್ನು ಬಿಡುಗಡೆ ಮಾಡಬೇಕಾಗಿ ವಿನಂತಿ. ಹೊಸಬರು ಸಿಗುವ ತನಕ ಎಲ್ಲ ರೀತಿಯ ಸಹಕಾರ ನೀಡಿ, ನನ್ನ ಜವಾಬ್ದಾರಿಗಳನ್ನು ಹಸ್ತಾಂತರಿಸುತ್ತೇನೆ.”

ಓದಿದಾಗ ಇದು ನನ್ನ ಮಾತಿನಂತೆ ಕೇಳುವುದಿಲ್ಲ. ‘ಇಚ್ಛಿಸುತ್ತೇನೆ’ ಎಂಬಲ್ಲಿ ‘ಬಿಡುತ್ತೇನೆ’ ಎನ್ನಬೇಕೋ ‘ಬಿಡುತ್ತಿದ್ದೇನೆ’ ಎನ್ನಬೇಕೋ ತಿಳಿಯುತ್ತಿಲ್ಲ. ‘ಹಸ್ತಾಂತರಿಸು’ ಎಂಬುದು ಇಷ್ಟು ಸಣ್ಣ ಜಾಗಕ್ಕೆ ದೊಡ್ಡ ಪದವಾಯಿತೇ ಎಂಬುದೂ ಒಂದು ಸಂದೇಹ. ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ, ನಿವೃತ್ತ ಕಚೇರಿ ಅಧೀಕ್ಷಕರೊಬ್ಬರಿಂದ

ತಮ್ಮ ಕರಡು ಬಹುಪಾಲು ಸರಿಯಾಗಿದೆ. ‘ರಾಜೀನಾಮೆ ಸಲ್ಲಿಸು’, ‘ಬಿಡುಗಡೆ ಮಾಡಬೇಕಾಗಿ ವಿನಂತಿ’ ಎಂಬುವು ಕಚೇರಿಯ ಪತ್ರವ್ಯವಹಾರದಲ್ಲಿ ನೆಲೆನಿಂತ ಪ್ರಯೋಗಗಳು. ‘ಹಸ್ತಾಂತರಿಸು’ ಎಂಬುದಕ್ಕೆ ಬದಲಾಗಿ ‘ಪ್ರಭಾರ ವಹಿಸಿಕೊಡುತ್ತೇನೆ’ ಎಂದು ಬರೆದರೆ ಇನ್ನೂ ಖಚಿತವಾಗುತ್ತದೆ. ಆದರೆ ‘ಬಿಡುತ್ತಿದ್ದೇನೆ’ ಎಂಬುದನ್ನು ಮಾತ್ರ ಬಳಸಬೇಡಿ. ಅದು ಈಗ ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ರೂಪ. ತಾವು ಬಿಡುವುದು ಮುಂದಿನ ತಿಂಗಳಾದ್ದರಿಂದ ಅದು ವ್ಯಾಕರಣಕ್ಕೆ ಒಪ್ಪುವುದಿಲ್ಲ.

ಎರಡನೆಯ ಉತ್ತರ, ಕನ್ನಡ ಅಧ್ಯಾಪಕಿಯೊಬ್ಬರಿಂದ

ಮೇಲಿನ ಉತ್ತರದಲ್ಲಿ ಕಚೇರಿಯ ಪದ್ಧತಿಯ ಬಗ್ಗೆ ಹೇಳಿರುವುದು ಸರಿ, ಕಾಲದ ಬಗ್ಗೆ ಹೇಳಿರುವುದು ಸರಿಯಲ್ಲ. “ನಾಳೆ ಊರಿಗೆ ಹೋಗುತ್ತಿದ್ದೇನೆ”, “ಮುಂದಿನ ವಾರ ಮನೆ ಬದಲಾಯಿಸುತ್ತಿದ್ದೇವೆ” ಎಂದು ನಾವೆಲ್ಲರೂ ದಿನವೂ ಆಡುತ್ತೇವೆ. ತೀರ್ಮಾನವಾಗಿ, ಸಿದ್ಧತೆಯೂ ಶುರುವಾಗಿರುವ ಮುಂದಿನ ಕೆಲಸವನ್ನು ಕನ್ನಡ ಈ ರೂಪದಲ್ಲಿಯೂ ಹೇಳುತ್ತದೆ. ಇದಕ್ಕೆ ಹೋಲಿಸಿದರೆ ‘ಬಿಡುತ್ತೇನೆ’ ಎಂಬುದಕ್ಕೆ ಹಲವು ಮುಖಗಳಿವೆ. ಅದು ರೂಢಿಯನ್ನು ಹೇಳಬಹುದು, ಭವಿಷ್ಯವನ್ನು ಹೇಳಬಹುದು, ಷರತ್ತನ್ನೂ ಹೇಳಬಹುದು. “ನಾನು ಕೆಲಸ ಬಿಡುತ್ತೇನೆ” ಎಂಬ ಬರಿಯ ವಾಕ್ಯವನ್ನು ಕೇಳಿದವರಿಗೆ ಅದರ ಹಿಂದೆ ‘ಹೀಗೇ ಆದರೆ’ ಎಂಬ ಹೇಳದ ಮಾತೊಂದು ಕೇಳಿಸಿಬಿಡುತ್ತದೆ, ಮತ್ತು ಮಾಲೀಕರು “ಏನಾಯಿತಮ್ಮ, ಯಾರು ಏನಂದರು?” ಎಂದು ಸಮಾಧಾನಕ್ಕೆ ತೊಡಗುತ್ತಾರೆ.

‘ಇಚ್ಛಿಸುತ್ತೇನೆ’, ‘ಬಿಡಬೇಕೆಂದುಕೊಂಡಿದ್ದೇನೆ’ ಎಂಬುವುಗಳ ತೊಂದರೆ ಇದಕ್ಕಿಂತ ಹೆಚ್ಚಿನದು. ಇವು ವಿನಯದ ಮಾತುಗಳೆಂದು ನಮಗೆ ಅನ್ನಿಸುತ್ತದೆಯಾದರೂ, ತೀರ್ಮಾನ ಇನ್ನೂ ಆಗಿಲ್ಲವೆಂಬ ಅರ್ಥವನ್ನು ಹೊತ್ತಿರುತ್ತವೆ. ನಿಮ್ಮನ್ನು ನೆಚ್ಚಿಕೊಂಡಿರುವ ಮನುಷ್ಯ ಆ ಅರ್ಥವನ್ನೇ ಹಿಡಿದುಕೊಳ್ಳುತ್ತಾರೆ. ಸಂಬಳ ಹೆಚ್ಚಿಸಲು ಕೇಳುತ್ತಿದ್ದೀರಿ ಎಂದುಕೊಂಡು ಅವರು ಒಂದು ವಾರ ಕಾದರೆ, ಬೇರೆಯವರನ್ನು ಹುಡುಕಲು ಇದ್ದ ನಾಲ್ಕು ವಾರಗಳಲ್ಲಿ ಒಂದು ಹೋದಂತೆಯೇ. ಇಲ್ಲಿ ಸ್ಪಷ್ಟತೆಯೇ ಅವರಿಗೆ ಮಾಡುವ ಉಪಕಾರ. “ಬಿಡಲು ನಿರ್ಧರಿಸಿದ್ದೇನೆ” ಎಂಬುದೂ ಸ್ಪಷ್ಟವೇ, ಆದರೆ ಸ್ವಲ್ಪ ಬಿರುಸು. ‘ಬಿಡುತ್ತಿದ್ದೇನೆ’ ಎಂಬುದರಲ್ಲಿ ಖಚಿತತೆ ಇದೆ, ಸೆಡವು ಇಲ್ಲ.

‘ಬಿಡುಗಡೆ ಮಾಡಬೇಕಾಗಿ ವಿನಂತಿ’ ಎಂಬುದಕ್ಕೂ ಇದೇ ಮಾತು. ಸರ್ಕಾರಿ ಕಚೇರಿಯಲ್ಲಿ ಬಿಡುಗಡೆಯ ಆದೇಶ ಬಾರದೆ ಹೊರಡುವಂತಿಲ್ಲ. ಆದ್ದರಿಂದ ಅಲ್ಲಿ ಆ ವಾಕ್ಯಕ್ಕೆ ಕೆಲಸವಿದೆ. ಐದು ಜನರ ಮುದ್ರಣಾಲಯದಲ್ಲಿ ಅದೇ ವಾಕ್ಯವನ್ನು ಬರೆದರೆ, ಹೋಗುವುದೋ ಉಳಿಯುವುದೋ ಎಂಬುದನ್ನು ಮಾಲೀಕರ ಒಪ್ಪಿಗೆಗೆ ಬಿಟ್ಟಂತಾಗುತ್ತದೆ. ಕೆಲಸಕ್ಕೆ ಸೇರುವಾಗ ಇಷ್ಟು ದಿನ ಮುಂಚೆ ತಿಳಿಸಬೇಕೆಂಬ ಕರಾರು ಆಗಿದ್ದರೆ ದಿನಾಂಕವನ್ನು ಅದಕ್ಕೆ ಹೊಂದಿಸಿ, ಆಮೇಲೆ ನೇರವಾಗಿ ತಿಳಿಸಿ.

ದಿನಾಂಕವನ್ನು ಬರೆಯುವ ರೀತಿಯೂ ನೋಡಬೇಕಾದದ್ದೇ. ‘ಜೂನ್ 30ರೊಳಗೆ’ ಎಂದರೆ 20ನೆಯ ತಾರೀಖೂ ಆಗಬಹುದು. ‘30ರವರೆಗೆ’ ಎಂದರೆ 30ರಂದು ನೀವು ಬರುತ್ತೀರೋ ಇಲ್ಲವೋ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಎಣಿಸುತ್ತಾರೆ. “ಜೂನ್ 30 ನನ್ನ ಕೆಲಸದ ಕೊನೆಯ ದಿನ” ಎಂದರೆ ಎರಡು ಅರ್ಥಕ್ಕೆ ಎಡೆಯಿಲ್ಲ. ಆ ದಿನಾಂಕವನ್ನು ಇಟ್ಟುಕೊಂಡೇ ‘ಹೊಸಬರು ಸಿಗುವ ತನಕ’ ಎಂದೂ ಸೇರಿಸಿದರೆ ಮೊದಲನೆಯದು ಅಳಿಸಿಹೋಗುತ್ತದೆ. ಹೊಸಬರು ಸೆಪ್ಟೆಂಬರಿನಲ್ಲಿ ಸಿಕ್ಕರೆ ನೀವು ಯಾವ ಮಾತಿಗೆ ಬದ್ಧರು?

ಇನ್ನು ‘ಹಸ್ತಾಂತರಿಸು’ ಎಂಬಲ್ಲಿ ‘ಒಪ್ಪಿಸು’ ಎನ್ನಬಹುದು. ಇದು ‘ಒಪ್ಪು’ ಎಂಬುದರ ಪ್ರೇರಣಾರ್ಥಕ ರೂಪ. ಒಬ್ಬರು ಕೊಡುವುದೂ ಇನ್ನೊಬ್ಬರು ಒಪ್ಪಿ ತೆಗೆದುಕೊಳ್ಳುವುದೂ ಒಂದೇ ಪದದಲ್ಲಿ ಅಡಗಿವೆ. ‘ಲೆಕ್ಕ ಒಪ್ಪಿಸುವುದು’ ಎಂಬ ನಮ್ಮ ಹಳೆಯ ಮಾತನ್ನು ನೆನೆಯಿರಿ: ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಹೋದರೆ ಲೆಕ್ಕ ಒಪ್ಪಿಸಿದಂತಾಗುವುದಿಲ್ಲ, ಎದುರಿಗೆ ಕೂತು ಬಾಬತ್ತು ಬಾಬತ್ತಾಗಿ ತೋರಿಸಬೇಕು. ‘ವಹಿಸು’ ಎಂಬುದು ಸಾಮಾನ್ಯವಾಗಿ ಮೇಲಿನವರು ಕೆಳಗಿನವರಿಗೆ ಮಾಡುವ ಕ್ರಿಯೆ. “ಮಾಲೀಕರು ನನಗೆ ಈ ಕೆಲಸ ವಹಿಸಿದರು” ಸರಿ. “ನಾನು ಇದನ್ನು ಮಾಲೀಕರಿಗೆ ವಹಿಸುತ್ತೇನೆ” ಎಂದರೆ ಕಿವಿಗೆ ಮುಜುಗರ. ‘ಹಸ್ತಾಂತರ’ ತಪ್ಪೇನಲ್ಲ, ಆಸ್ತಿ, ಅಧಿಕಾರ, ಕಟ್ಟಡ ಇಂಥವು ಕೈಬದಲಾಗುವಾಗ ಹೊಂದುತ್ತದೆ. ಕೆಲಸದ ತಿಳಿವಳಿಕೆಯನ್ನು ಹಾಗೆ ಕೈಗೆ ಕೊಡಲು ಬರುವುದಿಲ್ಲ.

ಪ್ರಸಂಗ ಬಂದಿದೆಯೆಂದು ಒಂದು ಮಾತು. ‘ರಾಜೀನಾಮೆ’ ಪಾರಸಿಯಿಂದ ಬಂದದ್ದು. ಮೂಲದಲ್ಲಿ ‘ಒಪ್ಪಿಗೆಯ ಪತ್ರ’. ಮುಂಬಯಿ ಪ್ರಾಂತದ ಕಂದಾಯ ಆಡಳಿತದಲ್ಲಿ ಹಿಡುವಳಿ ಬಿಟ್ಟುಕೊಡುವವನು ರಾಜೀನಾಮೆ ಬರೆದುಕೊಟ್ಟರೆ, ತೆಗೆದುಕೊಳ್ಳುವವನು ಕಬೂಲಾಯತಿ ಬರೆದುಕೊಡುತ್ತಿದ್ದ. ಬಿಡುವುದಕ್ಕೆ ಜೊತೆಯಾಗಿ ವಹಿಸಿಕೊಳ್ಳುವುದೂ ಇರುತ್ತಿತ್ತು ಎಂಬುದು ನನಗೆ ಬಹಳ ಹಿಡಿಸುತ್ತದೆ.

ಮೂರನೆಯ ಉತ್ತರ, ಒಂದು ಅಂಗಡಿಯ ಲೆಕ್ಕ ಬರೆಯುತ್ತಿದ್ದವರಿಂದ

ಕೆಲಸವನ್ನು ಹೇಗೆ ಬಿಟ್ಟುಕೊಡಬೇಕೆಂದು ತಾವು ಕೇಳಿದ್ದೀರೆಂದು ತಿಳಿದು ನನ್ನ ಅನುಭವ ಬರೆಯುತ್ತಿದ್ದೇನೆ. ನಾನು ಬಿಟ್ಟ ಕಡೆ ಕೀಲಿ, ಪುಸ್ತಕ, ಬಿಲ್ಲಿನ ಕಡತ ಎಲ್ಲವನ್ನೂ ಕೊಟ್ಟಿದ್ದೆ. ಆದರೆ ಅಂಗಡಿಯ ಇಮೇಲಿಗೂ ಬ್ಯಾಂಕಿನ ಆನ್‌ಲೈನ್ ಖಾತೆಗೂ ನೋಂದಾಯಿಸಿದ್ದದ್ದು ನನ್ನ ಫೋನಿನ ಸಂಖ್ಯೆ. ಪಾಸ್‌ವರ್ಡ್ ಬರೆದುಕೊಟ್ಟರೂ ಒಟಿಪಿ ನನಗೇ ಬರುತ್ತಿತ್ತು, ಮಾಲೀಕರು ಪ್ರತಿ ಸಲವೂ ನನಗೆ ಫೋನ್ ಮಾಡಬೇಕಾಗುತ್ತಿತ್ತು. ಸಂಖ್ಯೆಯನ್ನು ನೀವು ಅಲ್ಲಿ ಇರುವಾಗಲೇ, ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬದಲಾಯಿಸಿ. ಆಮೇಲೆ ಅವರ ಕೈಯಿಂದಲೇ ಒಮ್ಮೆ ತೆರೆಸಿ ನೋಡಿ. ಬಾಯಿಮಾತಿನ ಒಪ್ಪಂದಗಳನ್ನೂ ಬರೆದಿಡಿ. ಯಾರಿಗೆ ಎಷ್ಟು ದಿನದ ಸಾಲ, ಯಾವ ಗಿರಾಕಿ ಅರ್ಧ ಮುಂಗಡ ಕೊಡದೆ ಕೆಲಸ ಶುರುಮಾಡಬಾರದು ಎಂಬುದು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

ಪ್ರಶ್ನೆ ಕೇಳಿದವರ ಮರುಪತ್ರ

ಎಲ್ಲರಿಗೂ ವಂದನೆಗಳು. ಮೂರನೆಯ ಉತ್ತರ ನಾನು ಕೇಳಿದ್ದಕ್ಕೆ ಅಲ್ಲದಿದ್ದರೂ, ‘ಎಲ್ಲ ರೀತಿಯ ಸಹಕಾರ’ ಎಂದು ನಾನು ಬರೆದದ್ದರಲ್ಲಿ ಏನೂ ಇಲ್ಲವೆಂಬುದು ಅದರಿಂದಲೇ ತಿಳಿಯಿತು. ಮಾಲೀಕರನ್ನು ನಾನು ಯಾವಾಗಲೂ ‘ಸರ್’, ‘ನೀವು’ ಎನ್ನುತ್ತೇನೆ; ಪತ್ರದಲ್ಲಿ ಮಾತ್ರ ‘ತಾವು’ ಎಂದರೆ ಅವರು ನನ್ನನ್ನು ದೂರದವಳೆಂದುಕೊಂಡಾರು ಎಂದು ಅದನ್ನೂ ಬಿಟ್ಟಿದ್ದೇನೆ. ಈಗಿನ ಪತ್ರ:

“ಸರ್, ಬೇರೆ ಕೆಲಸ ಸಿಕ್ಕಿರುವುದರಿಂದ ಇಲ್ಲಿಯ ಕೆಲಸ ಬಿಡುತ್ತಿದ್ದೇನೆ. ಜೂನ್ 30 ನನ್ನ ಕೆಲಸದ ಕೊನೆಯ ದಿನ. ಅಷ್ಟರೊಳಗೆ ನನ್ನ ಕೈಯಲ್ಲಿರುವುದನ್ನೆಲ್ಲ ನಿಮಗೆ ಒಪ್ಪಿಸುತ್ತೇನೆ. ಬರಬೇಕಾದ ಮತ್ತು ಕೊಡಬೇಕಾದ ಬಾಕಿಗಳ ಪಟ್ಟಿ, ನಡೆಯುತ್ತಿರುವ ಆರ್ಡರುಗಳ ಸ್ಥಿತಿ, ಕಾಗದದವರ ಜೊತೆಗಿನ ಮಾತುಕತೆ ಇವನ್ನು ಮೊದಲ ವಾರದಲ್ಲಿ ಬರೆದುಕೊಡುತ್ತೇನೆ. ಇಮೇಲ್ ಮತ್ತು ಬ್ಯಾಂಕಿನ ಖಾತೆಗಳಲ್ಲಿ ನನ್ನ ಫೋನ್ ಸಂಖ್ಯೆ ತೆಗೆದು ನಿಮ್ಮದನ್ನು ಹಾಕುವ ಕೆಲಸವನ್ನು ಎರಡನೆಯ ವಾರ ಇಬ್ಬರೂ ಕೂತು ಮಾಡೋಣ. ಕೊನೆಯ ಎರಡು ವಾರ, ನೀವು ಹೇಳಿದವರು ಕೆಲಸ ಮಾಡಲಿ, ನಾನು ಪಕ್ಕದಲ್ಲಿದ್ದು ನೋಡುತ್ತೇನೆ. ಜುಲೈ 15ರ ಸಂಜೆಯವರೆಗೆ ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರಿಸುತ್ತೇನೆ. ಇಷ್ಟು ವರ್ಷ ನನ್ನ ಮೇಲೆ ನಂಬಿಕೆ ಇಟ್ಟದ್ದಕ್ಕೆ ಋಣಿಯಾಗಿದ್ದೇನೆ.”

ಮೊದಲ ಉತ್ತರ ಬರೆದವರಿಂದ ಮತ್ತೆ

‘ಬಿಡುತ್ತಿದ್ದೇನೆ’ ಕುರಿತ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಪತ್ರದಲ್ಲಿ ‘ರಾಜೀನಾಮೆ’ ಎಂಬ ಪದವೇ ಇಲ್ಲದಿರುವುದು ಸರಿಕಾಣದು. ಮುಂದೆ ಸಂಬಳದ ಬಾಕಿಗೋ ಅನುಭವಪತ್ರಕ್ಕೋ ಈ ಕಾಗದ ಬೇಕಾದಾಗ ಇದು ಏನೆಂದು ನೋಡಿದ ಕೂಡಲೇ ತಿಳಿಯಬೇಕು. ಮೇಲೆ ‘ವಿಷಯ: ರಾಜೀನಾಮೆ’ ಎಂಬ ಒಂದು ಸಾಲೂ, ಬರೆದ ದಿನಾಂಕವೂ ಇರಲಿ.

ಎರಡನೆಯ ಉತ್ತರ ಬರೆದವರಿಂದ ಮತ್ತೆ

ದಿನಾಂಕ ಅಗತ್ಯವಾಗಿ ಬೇಕು. ವಿಷಯದ ಸಾಲಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ: ಎದುರಿಗೆ ಹೇಳಿ ಕೈಗೆ ಕೊಡುವ ಪತ್ರಕ್ಕೆ ಅದು ಕಚೇರಿಯ ಮುಖ ತಂದುಬಿಡುತ್ತದೆ. ದಾಖಲೆಗೆ ಬೇಕೆಂಬ ಕಾರಣವನ್ನು ತಳ್ಳಿಹಾಕಲಾರೆ, ಬರೆಯುವವರೇ ತೀರ್ಮಾನಿಸಲಿ. ‘ಮಾಡೋಣ’ ಎಂದಿರುವುದನ್ನು ಮಾತ್ರ ಯಾರು ಹೇಳಿದರೂ ತಿದ್ದಬೇಡಿ.

ನನಗೂ ಒಂದು ಸಂದೇಹ ಉಳಿದಿದೆ. ‘ಒಪ್ಪಿಸು’ ಕ್ರಿಯಾಪದವಾಗಿ ಚೆನ್ನಾಗಿ ಕೂತಿತು. ಆದರೆ ಯಾವ ವಾರ ಏನನ್ನು ಒಪ್ಪಿಸುವುದೆಂದು ಬರೆದಿಡುವ ಹಾಳೆಯನ್ನು ಏನೆಂದು ಕರೆಯುವುದು? ‘ಒಪ್ಪಿಸುವಿಕೆಯ ಯೋಜನೆ’ ನಾಲಿಗೆಗೆ ಭಾರ, ‘ಹಸ್ತಾಂತರ ಯೋಜನೆ’ ಎಂದರೆ ಬಿಟ್ಟ ಪದವೇ ಮತ್ತೆ ಬಂತು, ‘ಒಪ್ಪಿಗೆಪಟ್ಟಿ’ ಎಂದರೆ ಸಮ್ಮತಿಯ ಪಟ್ಟಿಯೆಂದು ಅರ್ಥವಾದೀತು. ಅಂಗಡಿ, ಕಾರ್ಖಾನೆಗಳಲ್ಲಿ ಇದಕ್ಕೆ ಬಳಕೆಯಲ್ಲಿರುವ ಮಾತು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.